ಹಣೆಯ ಬೊಟ್ಟು ಎಲ್ಲಿ ಹೋಯಿತು?

ಕನ್ನಡಕ ಹಾಕಿಕೊಂಡು, ಹಣೆಗೆ ಕೆಂಪು ಬೊಟ್ಟಿಟ್ಟ ಹೆಂಗಸೊಬ್ಬರ ಫೋಟೋ ಇದೆ ಎನ್ನಿ. ಹಿಂದೆ ಹಸಿರು ಗೋಡೆ. ಮುಖದ ಸುತ್ತ ಕ್ರಾಪ್ ಮಾಡಿದ ಮೇಲೆ ಉದ್ದ 1600 ಪಿಕ್ಸೆಲ್, ಅಗಲವೂ ಅಷ್ಟೇ. ಇದನ್ನು ಹಳೇ ವಿಡಿಯೋ ಗೇಮಿನ ಪಾತ್ರದ ಹಾಗೆ 32×32 ಚೌಕಗಳ ಪ್ರೊಫೈಲ್ ಚಿತ್ರ ಮಾಡಬೇಕು. ಆಗ ಹೊಸ ಚಿತ್ರದ ಒಂದು ಚೌಕಕ್ಕೆ ಫೋಟೋದ 50×50, ಅಂದರೆ 2500 ಪಿಕ್ಸೆಲ್ ಸೇರುತ್ತವೆ. ಬೊಟ್ಟಿನ ಅಡ್ಡಳತೆ 30 ಪಿಕ್ಸೆಲ್ ಇದ್ದರೆ ಅದರ ಪಾಲು ಸುಮಾರು 700. ಇಡೀ ಬೊಟ್ಟು ಒಂದೇ ಚೌಕದೊಳಗೆ ಬಿದ್ದರೂ ಕಾಲುಭಾಗಕ್ಕಿಂತ ತುಸು ಹೆಚ್ಚು, ಅಷ್ಟೆ. ನಾಲ್ಕು ಚೌಕ ಸೇರುವ ಮೂಲೆಗೆ ಬಿತ್ತೋ, ಒಂದೊಂದಕ್ಕೆ ಶೇ. 7ರಷ್ಟು ಕೆಂಪು ಹಂಚಿಹೋಗಿ ಬೊಟ್ಟು ಮಾಯ.

ಚಿತ್ರ ಕುಗ್ಗಿಸಲು ಮುಖ್ಯವಾಗಿ ಎರಡು ದಾರಿ. ಒಂದರಲ್ಲಿ ಸಾಫ್ಟ್‌ವೇರ್ 2500 ಪಿಕ್ಸೆಲ್‌ಗಳಲ್ಲಿ ಯಾವುದೋ ಒಂದನ್ನು ಆರಿಸಿಕೊಂಡು ಉಳಿದವನ್ನು ಬಿಟ್ಟುಬಿಡುತ್ತದೆ. ಅಂಚುಗಳು ಚೂಪಾಗಿ ಕಾಣುತ್ತವೆ ನಿಜ, ಆದರೆ ಕನ್ನಡಕದ ತೆಳ್ಳನೆಯ ಫ್ರೇಮು ಒಂದು ಕಡೆ ಇದ್ದು ಇನ್ನೊಂದು ಕಡೆ ತುಂಡಾಗಿರುತ್ತದೆ. ಇನ್ನೊಂದರಲ್ಲಿ ಎಲ್ಲದರ ಸರಾಸರಿ ತೆಗೆಯುತ್ತದೆ. ಇಲ್ಲಿ ಫ್ರೇಮು ತುಂಡಾಗುವುದಿಲ್ಲ, ಚರ್ಮದ ಬಣ್ಣದೊಂದಿಗೆ ಬೆರೆತು ಮಾಸಲಾಗುತ್ತದೆ. ಫೋಟೋದಿಂದ ಶುರುಮಾಡುವಾಗ ನನ್ನ ಮತ ಸರಾಸರಿಗೇ. ನೆರಳು ಬೆಳಕು ನಂಬುವಂತಿರುತ್ತದೆ, ಗೆರೆಗಳನ್ನು ಆಮೇಲೆ ಕೈಯಿಂದ ಎಳೆಯಬಹುದು.

ಇನ್ನು ಬಣ್ಣ. 1989ರ ಗೇಮ್ ಬಾಯ್ ತೋರಿಸಬಲ್ಲದ್ದು ನಾಲ್ಕೇ ಛಾಯೆ. ಅದು ಯಂತ್ರದ ಮಿತಿ. ಈಗ ಆ ಮಿತಿಯನ್ನು ನಾವೇ ಹಾಕಿಕೊಳ್ಳುತ್ತೇವೆ, ಏಕೆಂದರೆ ಬಣ್ಣ ನೂರಾದರೆ ಅದು ಮಸುಕಾದ ಪುಟ್ಟ ಫೋಟೋ ಅಷ್ಟೇ ಆಗುತ್ತದೆ. ನಮ್ಮ ಮುಖಕ್ಕೆ ಎಂಟು ಸಾಕು. ಆದರೆ ಆ ಎಂಟನ್ನು ಸಾಫ್ಟ್‌ವೇರಿಗೆ ಆರಿಸಲು ಬಿಟ್ಟರೆ ಅದು ಸಾಮಾನ್ಯವಾಗಿ ಜಾಗ ಹೆಚ್ಚಿರುವ ಬಣ್ಣಗಳಿಗೆ ಮಣೆ ಹಾಕುತ್ತದೆ. ಗೋಡೆಗೆ ಎರಡು ಮೂರು ಹಸಿರು, ಕೆನ್ನೆಗೆ ಮೂರು ಕಂದು, ಕೂದಲಿಗೆ ಎರಡು ಕಪ್ಪು. ಕೆಂಪಿಗೆ ಜಾಗವೇ ಇಲ್ಲ. ಆದ್ದರಿಂದ ಪ್ಯಾಲೆಟ್ ನಾವೇ ಕಟ್ಟಬೇಕು: ಚರ್ಮಕ್ಕೆ ಮೂರು, ಕೂದಲಿಗೂ ಫ್ರೇಮಿಗೂ ಸೇರಿ ಒಂದು ಕಡುಗಪ್ಪು, ಕೂದಲಿನ ಹೊಳಪಿಗೆ ಒಂದು, ಬೊಟ್ಟಿಗೂ ತುಟಿಗೂ ಒಂದೇ ಕೆಂಪು, ಗೋಡೆಗೆ ಒಂದು ಹಸಿರು, ಕಣ್ಣಿಗೆ ಬಿಳಿ. ಚರ್ಮದ ನೆರಳಿಗೆ ಕಪ್ಪು ಬೆರೆಸಬೇಡಿ, ಮುಖ ಮಸಿ ಬಳಿದಂತಾಗುತ್ತದೆ. ಸ್ವಲ್ಪ ಕೆಂಪು ಕಡೆಗೆ ವಾಲಿದ ಕಂದು ಇರಲಿ.

ಮೂರೇ ಛಾಯೆಯಲ್ಲಿ ಕೆನ್ನೆಯ ಏರಿಳಿತ ತೋರಿಸುವುದು ಹೇಗೆ? ಇಲ್ಲಿ ಡಿದರಿಂಗ್ ಆಸೆ ಹುಟ್ಟಿಸುತ್ತದೆ: ಎರಡು ಬಣ್ಣದ ಚುಕ್ಕಿಗಳನ್ನು ಪಕ್ಕಪಕ್ಕ ಇಟ್ಟು, ನಡುವಿನ ಬಣ್ಣವಿದೆಯೆಂದು ಕಣ್ಣನ್ನು ನಂಬಿಸುವ ಉಪಾಯ. ಹೆಚ್ಚು ಬಳಕೆಯಲ್ಲಿರುವುದು 1976ರ ಫ್ಲಾಯ್ಡ್-ಸ್ಟೈನ್‌ಬರ್ಗ್ ವಿಧಾನ. ಕೆನ್ನೆಯ ಹೊಳಪು ಎಲ್ಲ ಕಡೆ 150 ಇದ್ದು, ಪ್ಯಾಲೆಟ್ಟಿನಲ್ಲಿ 120 ಮತ್ತು 200 ಮಾತ್ರ ಇವೆ ಎಂದುಕೊಳ್ಳಿ. ಮೊದಲ ಚೌಕಕ್ಕೆ ಹತ್ತಿರದ 120 ಸಿಗುತ್ತದೆ, 30 ಬಾಕಿ ಉಳಿಯುತ್ತದೆ. ಆ ಬಾಕಿಯ 16ರಲ್ಲಿ 7 ಪಾಲು, ಅಂದರೆ ಸುಮಾರು 13, ಬಲಗಡೆಯ ಚೌಕಕ್ಕೆ ಸೇರುತ್ತದೆ. ಉಳಿದದ್ದು ಕೆಳಸಾಲಿನ ಮೂರಕ್ಕೆ ಹೋಗುತ್ತದೆ. ಬಲಗಡೆಯದು ಈಗ 163. ಅದಕ್ಕೆ 200 ಹತ್ತಿರ, ಹಾಗಾಗಿ ಅದು ತಿಳಿಯಾಗುತ್ತದೆ. ಒಂದೇ ಸಮನಾಗಿದ್ದ ಕೆನ್ನೆಯ ಮೇಲೆ ಚುಕ್ಕಿ ಎದ್ದದ್ದು ಹೀಗೆ.

ದೊಡ್ಡ ಚಿತ್ರದಲ್ಲಿ ಈ ಚುಕ್ಕಿಗಳು ಬೆರೆತುಹೋಗುತ್ತವೆ. ನಮ್ಮ ಚಿತ್ರದಲ್ಲಿ ಕಣ್ಣಿನ ಅಗಲವೇ ಮೂರು ಚೌಕ, ಬೊಟ್ಟು ಒಂದು. ಅಷ್ಟೇ ಗಾತ್ರದ ಚುಕ್ಕಿ ಕೆನ್ನೆಯ ಮೇಲೆ ಕೂತರೆ ಮೊಡವೆಯೇ ಸರಿ. ಬೇಯರ್ ವಿಧಾನದಲ್ಲಿ ಚುಕ್ಕಿಗಳು ಚೌಕಳಿಯಂತೆ ಕ್ರಮವಾಗಿ ಬರುತ್ತವೆ; ಅದು ಗೋಡೆಗೋ ಸೀರೆಯ ಸೆರಗಿಗೋ ಚೆನ್ನ. 32 ಚೌಕದ ಮುಖಕ್ಕೆ ಮಾತ್ರ ಡಿದರಿಂಗ್ ಬೇಡ.

ಇಮೇಜ್‌ಮ್ಯಾಜಿಕ್ ಇದ್ದವರಿಗೆ ಎರಡು ಸಾಲಿನ ಕೆಲಸ. ಎಂಟು ಬಣ್ಣಗಳ ಪುಟ್ಟ ಚಿತ್ರವೊಂದನ್ನು `banna.png` ಎಂದು ಮೊದಲೇ ಉಳಿಸಿಟ್ಟಿರಬೇಕು.

```
magick mukha.png -filter box -resize 32x32 -dither None -remap banna.png chikka.png
magick chikka.png -sample 1200% avatar.png
```

ಎರಡು ಸಾಲುಗಳ ನಡುವೆ ಕೈಕೆಲಸವಿದೆ. `chikka.png` ತೆರೆದು ಹುಬ್ಬುಗಳ ನಡುವೆ ಒಂದು ಚೌಕಕ್ಕೆ ಕೆಂಪು ಹಾಕಿ, ಫ್ರೇಮನ್ನು ಕಪ್ಪಿನಲ್ಲಿ ಮತ್ತೆ ಎಳೆಯಿರಿ. ಎರಡು ಗಾಜಿನ ನಡುವೆ ಒಂದೇ ಚೌಕದ ಸೇತುವೆ ಸಾಕು. ಕೆನ್ನೆಯಲ್ಲಿ ಒಂಟಿಯಾಗಿ ಬಿದ್ದ ಬೇರೆ ಬಣ್ಣದ ಚೌಕಗಳನ್ನು ಸುತ್ತಲಿನ ಬಣ್ಣಕ್ಕೆ ಸೇರಿಸಿ.

ಎರಡನೆಯ ಸಾಲು ಚಿತ್ರವನ್ನು ಹನ್ನೆರಡು ಪಟ್ಟು ಹಿಗ್ಗಿಸಿ 384 ಪಿಕ್ಸೆಲ್ ಮಾಡುತ್ತದೆ. 400 ಬೇಕೆಂದು ಹಠ ಹಿಡಿದರೆ ಹನ್ನೆರಡೂವರೆ ಪಟ್ಟಾಗಿ, ಕೆಲವು ಚೌಕ ದಪ್ಪ, ಕೆಲವು ಸಣ್ಣ ಆಗುತ್ತವೆ. ಜೆಪೆಗ್‌ನಲ್ಲಿ ಉಳಿಸಿದರೆ ಕೆಂಪು ಬೊಟ್ಟಿನ ಸುತ್ತ ಕೊಳೆಯಂಥ ಅಂಚು ಬರುತ್ತದೆ, ಪಿಎನ್‌ಜಿ ಇರಲಿ. ಪ್ರೊಫೈಲ್ ಚಿತ್ರವನ್ನು ಎಷ್ಟೋ ಆ್ಯಪ್‌ಗಳು ವೃತ್ತಾಕಾರಕ್ಕೆ ಕತ್ತರಿಸುವುದರಿಂದ, ಮೂಲೆಗಳಲ್ಲಿ ಗೋಡೆಯ ಹಸಿರು ಬಿಟ್ಟು ಬೇರೇನೂ ಇಡಬೇಡಿ.