ಹದಿನೈದು ನಿಮಿಷದ ಉತ್ತರ

ಕಳೆದ ಬೇಸಿಗೆಯ ರಜೆಯಲ್ಲಿ ಎರಡು ತಿಂಗಳ ಕಾಲ ನಾನು ಬಸ್ಸಿನ ಟಿಕೇಟು ಮಾರುವ ಒಂದು ಸಂಸ್ಥೆಯಲ್ಲಿ ಕೆಲಸಕ್ಕಿದ್ದೆ. ಅದರ ಹೆಸರು ಇಲ್ಲಿ ಬೇಡ. ಎಕ್ಸ್ ಮತ್ತು ಫೇಸ್‌ಬುಕ್ಕಿನಲ್ಲಿ ಪ್ರಯಾಣಿಕರು ಬರೆಯುವ ದೂರುಗಳಿಗೆ ಉತ್ತರ ಕೊಡುವುದು ನನ್ನ ಪಾಲಿನ ಕೆಲಸ. ಮನೆಯಲ್ಲಿ ಇದನ್ನು ವಿವರಿಸಿದಾಗ ತಂದೆಯವರು, “ಕಿಟಕಿಯ ಹತ್ತಿರ ನಿಂತು ಹೇಳಿದರೆ ಕೇಳದ ಗುಮಾಸ್ತ, ಸಂತೆಯಲ್ಲಿ ಕೂಗಿದರೆ ಕೇಳ್ತಾನೆ ಅನ್ನು” ಎಂದರು. ನಮ್ಮ ಮನೆಯಿಂದ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲು. ಆದರೆ ಈ ವಿಷಯದ ತಿರುಳು ನನಗಿಂತ ಮೊದಲು ಹೊಳೆದದ್ದು ಅವರಿಗೆ.

2010ರ ಏಪ್ರಿಲಿನಲ್ಲಿ ಐಸ್‌ಲೆಂಡಿನ ಜ್ವಾಲಾಮುಖಿಯ ಬೂದಿ ಯೂರೋಪಿನ ಆಕಾಶವನ್ನು ಮುಸುಕಿ ವಿಮಾನಗಳು ನಿಂತುಹೋದವು. ದೂರವಾಣಿಯಲ್ಲಿ ಉತ್ತರ ಸಿಗದ ಪ್ರಯಾಣಿಕರು ಸಾಮಾಜಿಕ ಜಾಲತಾಣಗಳಲ್ಲಿ ಬರೆಯತೊಡಗಿದರು. ಡಚ್ಚರ ಕೆಎಲ್‌ಎಂ ಸಂಸ್ಥೆಯು ಅಲ್ಲಿಯೇ ಅವರಿಗೆ ಉತ್ತರಿಸಿತು. ಮುಂದೆ 2013ರಲ್ಲಿ ಅದು, ಉತ್ತರಕ್ಕೆ ಎಷ್ಟು ಹೊತ್ತು ಕಾಯಬೇಕಾದೀತು ಎಂಬುದನ್ನು ತನ್ನ ಟ್ವಿಟರ್ ಪುಟದ ನೆತ್ತಿಯಲ್ಲಿಯೇ ತೋರಿಸಿ, ಐದೈದು ನಿಮಿಷಕ್ಕೊಮ್ಮೆ ತಿದ್ದತೊಡಗಿತು. ಕಾಯುವವನಿಗೆ ಕಾಯುವ ಹೊತ್ತು ತಿಳಿದರೆ ಅರ್ಧ ಸಿಟ್ಟು ಇಳಿಯುತ್ತದೆ ಎಂದು ನನ್ನ ಎಣಿಕೆ.

ನಮ್ಮ ಕಚೇರಿಯಲ್ಲಿ ಎರಡು ಗಡುವುಗಳಿದ್ದವು. ಮೊದಲ ಉತ್ತರ ಹದಿನೈದು ನಿಮಿಷದೊಳಗೆ. ಪರಿಹಾರ ಇಪ್ಪತ್ತನಾಲ್ಕು ಗಂಟೆಯೊಳಗೆ. ಮೊದಲನೆಯದನ್ನು ಯಂತ್ರವೇ ಎಣಿಸಿ ಪ್ರತಿದಿನ ನಮ್ಮ ಹೆಸರಿನ ಮುಂದೆ ಬರೆಯುತ್ತಿತ್ತು. ಎರಡನೆಯದನ್ನು ಯಾರೂ ಅಷ್ಟಾಗಿ ಕೇಳುತ್ತಿರಲಿಲ್ಲ, ಏಕೆಂದರೆ ಹಣ ಮರಳಿಸುವುದು ಲೆಕ್ಕಪತ್ರ ವಿಭಾಗದ ಕೈಯಲ್ಲಿತ್ತು. ಹೀಗಾಗಿ ನಾವು ಬೇಗನೆ ಒಂದು ಚಾಳಿ ಕಲಿತೆವು. “ಕ್ಷಮಿಸಿ, ವಿವರ ಕಳುಹಿಸಿ” ಎಂದು ಬರೆದರೆ ಸಾಕು, ಗಡಿಯಾರ ನಿಲ್ಲುತ್ತಿತ್ತು. ದೂರು ಮಾತ್ರ ಇದ್ದಲ್ಲಿಯೇ ಇರುತ್ತಿತ್ತು.

ಮೇ ತಿಂಗಳ ಒಂದು ಸಂಜೆ 7 ಗಂಟೆ 12 ನಿಮಿಷಕ್ಕೆ ಒಬ್ಬ ಮಹಿಳೆ, ಹುಬ್ಬಳ್ಳಿಯಲ್ಲಿ ತಮ್ಮ ಬಸ್ಸು ಬರಲೇ ಇಲ್ಲವೆಂದೂ ಎಂಟು ದಿನವಾದರೂ 640 ರೂಪಾಯಿ ಮರಳಿಲ್ಲವೆಂದೂ ಎಕ್ಸ್‌ನಲ್ಲಿ ಬರೆದರು. ಗಡುವು ಮೀರಲಿದ್ದ ಇನ್ನೂ ನಾಲ್ಕು ದೂರುಗಳು ನನ್ನ ಮುಂದಿದ್ದವು. 7.25ಕ್ಕೆ, “ಕ್ಷಮಿಸಿ, ಟಿಕೇಟು ಸಂಖ್ಯೆ ಹಾಗೂ ಮೊಬೈಲ್ ಸಂಖ್ಯೆ ಕಳುಹಿಸಿ” ಎಂದು ಬರೆದು ಮುಂದಕ್ಕೆ ಹೋದೆ. ಹದಿಮೂರು ನಿಮಿಷ, ಹಸಿರು ಗುರುತು ಬಿತ್ತು. ಎಲ್ಲಿ ಕಳುಹಿಸಬೇಕೆಂದು ಮಾತ್ರ ನಾನು ಹೇಳಿರಲಿಲ್ಲ. ಆಕೆ ಎರಡೂ ಸಂಖ್ಯೆಗಳನ್ನು ಎಲ್ಲರಿಗೂ ಕಾಣುವಂತೆ ಅಲ್ಲಿಯೇ ಕೆಳಗೆ ಬರೆದರು.

ಇಂಥ ಸಂಖ್ಯೆಗಳಿಗಾಗಿ ಕಾದು ಕುಳಿತಿರುವವರಿದ್ದಾರೆ. ನಾನು 7.50ಕ್ಕೆ ತಿರುಗಿ ನೋಡುವ ಹೊತ್ತಿಗೆ ಯಾರೋ ನಮ್ಮ ಹೆಸರು ಹೇಳಿ ಆಕೆಗೆ ಕರೆ ಮಾಡಿ, ಫೋನಿನ ಪರದೆಯನ್ನು ದೂರದಿಂದಲೇ ನೋಡುವ ಒಂದು ಆ್ಯಪನ್ನು ಹಾಕಿಸಿ, ಹಣ ಪಡೆಯಲು ಯುಪಿಐ ಪಿನ್ ಒತ್ತಬೇಕೆಂದು ನಂಬಿಸಿದ್ದರು. ಹಣ ಪಡೆಯಲು ಪಿನ್ ಬೇಕಾಗುವುದೇ ಇಲ್ಲ. ಕೊಡಲು ಮಾತ್ರ ಬೇಕು. ಆಕೆಯ ಖಾತೆಯಿಂದ 4,800 ರೂಪಾಯಿ ಹೋಯಿತು. ಆ ಬರಹವನ್ನು ಅಳಿಸಲು ಹೋದರೆ ಅದೂ ನನ್ನಿಂದಾಗಲಿಲ್ಲ. ಬೇರೆಯವರು ಬರೆದ ಉತ್ತರವನ್ನು ನಾವು ಮರೆಮಾಡಬಹುದಷ್ಟೆ. ಬೇಕೆಂದವರು ಅದನ್ನು ತೆರೆದು ಓದಬಹುದು. ಅಳಿಸಬೇಕಾದರೆ ಬರೆದವರೇ ಅಳಿಸಬೇಕು. ಹಾಗೆ ಅಳಿಸಿರೆಂದೂ, ವಂಚನೆಯನ್ನು ಕೂಡಲೇ 1930ಕ್ಕೆ ಕರೆಮಾಡಿ ತಿಳಿಸಿರೆಂದೂ ಖಾಸಗಿಯಾಗಿ ಆಕೆಗೆ ಬರೆದೆ.

ಮರುದಿನದಿಂದ ನಾನು ಬರೆದ ಮೊದಲ ಉತ್ತರ ಹೀಗಿತ್ತು: “ಬಸ್ಸು ಬಾರದ ನಿಮ್ಮ ದೂರನ್ನು ನೋಡಿದೆವು. ಸಂಖ್ಯೆಗಳನ್ನು ಇಲ್ಲಿ ಬರೆಯಬೇಡಿ; ಕೆಳಗಿನ ಗುಂಡಿಯನ್ನು ಒತ್ತಿ ಖಾಸಗಿಯಾಗಿ ಕಳುಹಿಸಿ. ನಾವು ಓಟಿಪಿ, ಪಿನ್ ಕೇಳುವುದಿಲ್ಲ. ರಾತ್ರಿ 9ರೊಳಗೆ ಮತ್ತೆ ಬರೆಯುತ್ತೇವೆ.” ಆ ಗುಂಡಿ ಮುಖ್ಯ. ಅದು ನೇರವಾಗಿ ನಮ್ಮ ಖಾತೆಗೇ ಒಯ್ಯುತ್ತದೆ. ಪ್ರಯಾಣಿಕನೇ ಹೆಸರು ಹುಡುಕಲು ಹೊರಟರೆ, ಒಂದು ಅಕ್ಷರ ಮಾತ್ರ ಬೇರೆಯಿರುವ ನಕಲಿ ಖಾತೆಯ ಬಲೆಗೆ ಬೀಳಬಹುದು. ಇಷ್ಟು ಬರೆಯಲು ಒಂದೆರಡು ನಿಮಿಷ ಹೆಚ್ಚು ಹಿಡಿದು, ನನ್ನ ಸರಾಸರಿ ಹನ್ನೊಂದರಿಂದ ಹದಿಮೂರಕ್ಕೆ ಏರಿತು. ಮೇಲ್ವಿಚಾರಕರು ಒಮ್ಮೆ ಕೇಳಿ ಸುಮ್ಮನಾದರು.

ಆದರೆ ಖಾಸಗಿಗೆ ಕರೆದೊಯ್ಯುವುದರಲ್ಲಿ ಇನ್ನೊಂದು ಮಗ್ಗುಲಿದೆ. ಗುಟ್ಟು ಕಾಪಾಡಲು ಇರುವ ಕೋಣೆ ದೂರನ್ನು ಹೂಳಲೂ ಒದಗುತ್ತದೆ. ಸಂತೆಯ ಜನ ಮರೆಯಾದ ಮೇಲೆ ಗುಮಾಸ್ತ ಮತ್ತೆ ಕಿಟಕಿಯ ಹಿಂದಿನವನೇ! ವಾಚಕರು ಯಾವುದೇ ಸಂಸ್ಥೆಯ ಪುಟವನ್ನು ತೆರೆದು ನೋಡಲಿ. ದೂರಿನ ಕೆಳಗೆ “ಖಾಸಗಿಯಾಗಿ ಕಳುಹಿಸಿ” ಎಂಬುದೇ ಕಡೆಯ ಮಾತಾಗಿದ್ದರೆ ಮುಂದೇನಾಯಿತೆಂದು ತಿಳಿಯುವ ದಾರಿಯಿಲ್ಲ. ಹಲವು ಸಲ, ಅದೇ ವ್ಯಕ್ತಿ ವಾರದ ಮೇಲೆ ಅದೇ ದೂರನ್ನು ಮತ್ತೆ ಬರೆದಿರುತ್ತಾನೆ. ಪರಿಹಾರವಾದ ಬಳಿಕ ಮೊದಲ ದೂರಿನ ಕೆಳಗೇ ಒಂದು ಸಾಲು ಬರೆಯಬೇಕೆಂಬುದು ನನ್ನ ವಾದ. ಹಳೆಯ ಗಾಯವನ್ನು ಏಕೆ ಕೆದಕಬೇಕೆಂಬುದು ಮೇಲ್ವಿಚಾರಕರ ವಾದ.

ನಾಲ್ಕನೆಯ ದಿನ ಆಕೆಯ 640 ರೂಪಾಯಿ ಮರಳಿತು. ಯಾರನ್ನೂ ಕೇಳದೆ ನಾನು ಅವರ ದೂರಿನ ಕೆಳಗೆ, “ನಿಮ್ಮ ಟಿಕೇಟಿನ ಹಣ ಇಂದು ಜಮೆಯಾಗಿದೆ” ಎಂದು ಬರೆದೆ. “ಉಳಿದದ್ದು?” ಎಂದು ಆಕೆ ಕೇಳಿದರು. ಅದಕ್ಕೆ ಉತ್ತರಿಸುವ ಅಧಿಕಾರ ನನಗಿರಲಿಲ್ಲವಾದ್ದರಿಂದ ಮೇಲಿನವರಿಗೆ ಕಳುಹಿಸಿದೆ. ನಾನು ಕೆಲಸ ಬಿಟ್ಟು ಬರುವವರೆಗೆ ಅಲ್ಲಿಂದ ಏನೂ ಬಂದಿರಲಿಲ್ಲ.