ಇಂಗ್ಲಿಷ್ ಭಾಷಣ ಕನ್ನಡದ ಮಾತಾಗಬೇಕೆ?

ಇಂಗ್ಲಿಷಿನಲ್ಲಿ ಬರೆದ ಭಾಷಣವನ್ನು ಪದಕ್ಕೆ ಪದ ಇಟ್ಟು ಕನ್ನಡಕ್ಕೆ ತಂದರೆ ಹೀಗಾಗುತ್ತದೆ:

"ನಮ್ಮ ಪೂರ್ವಜರಿಂದ ನಿರ್ಮಿಸಲ್ಪಟ್ಟ, ಇಪ್ಪತ್ತು ವರ್ಷಗಳಿಂದ ನಿರ್ಲಕ್ಷಿಸಲ್ಪಟ್ಟಿದ್ದ ಈ ಕೆರೆಯ ಹೂಳು ಗ್ರಾಮದ ಯುವಕರಿಂದ ತೆಗೆಯಲ್ಪಟ್ಟಿತು."

ವ್ಯಾಕರಣ ಸರಿಯಿದೆ. ಆದರೆ ಕ್ರಿಯಾಪದ ಬರುವುದು ಕೊನೆಗೆ. ಅಲ್ಲಿಯವರೆಗೆ ಕೇಳುವವರು ಎಲ್ಲವನ್ನೂ ನೆನಪಿಟ್ಟುಕೊಂಡೇ ಕೂರಬೇಕು. ಓದುವಾಗ ಹಿಂದಕ್ಕೆ ಹೋಗಿ ನೋಡಬಹುದು, ಕೇಳುವಾಗ ಆಗುವುದಿಲ್ಲ.

ಮೊದಲು ವಾಕ್ಯ ಒಡೆಯಿರಿ. ಒಂದು ಸಂಗತಿಗೆ ಒಂದು ವಾಕ್ಯ. ಆಮೇಲೆ "ಅಲ್ಪಟ್ಟಿತು" ಬಿಟ್ಟು, ಕೆಲಸ ಮಾಡಿದವರು ಎದ್ದು ಕಾಣುವಂತೆ ಹೇಳಿ.

"ಈ ಕೆರೆ ಕಟ್ಟಿಸಿದ್ದು ನಮ್ಮ ಹಿರಿಯರು. ಇಪ್ಪತ್ತು ವರ್ಷ ಯಾರೂ ಇದರ ಕಡೆ ತಿರುಗಿ ನೋಡಲಿಲ್ಲ. ಈಗ ಹೂಳೆತ್ತಿದ್ದು ಯಾರು? ನಮ್ಮೂರ ಹುಡುಗರೇ!"

"ಹೂಳೆತ್ತಿದ್ದು" ಅಂದ ಕೂಡಲೇ ಹುಡುಗರು ಮಾತಿನ ಕೊನೆಗೆ ಬಂದರು. ಒತ್ತು ಬೀಳುವುದು ಅಲ್ಲೇ, ಚಪ್ಪಾಳೆ ಬೀಳುವುದೂ ಅಲ್ಲೇ.

ಇಡೀ ಭಾಷಣವನ್ನು ಹೀಗೆ ಮಾತಾಗಿಸಲು, ಒಂದೊಂದೇ ಪ್ಯಾರಾ ಓದಿ, ಹಾಳೆ ಮಗುಚಿಡಿ. ಎದುರಿಗಿರುವವರಿಗೆ ಬಾಯಲ್ಲೇ ಹೇಳಿ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿ. ಹೇಳಿದ್ದನ್ನೇ ಬರೆದುಕೊಳ್ಳಿ. ಮತ್ತೆ ಓದುವಾಗ ವಾಕ್ಯದ ನಡುವೆ ಉಸಿರು ಕಟ್ಟಿದರೆ, ಅಲ್ಲೇ ಇನ್ನೊಮ್ಮೆ ಒಡೆಯಿರಿ.

ಕೊನೆಗೆ ಮೂಲದ ಜೊತೆ ಹೋಲಿಸಿ. ಹೆಸರು, ಅಂಕಿ, ಕೊಟ್ಟ ಭರವಸೆ ಒಂದಿಷ್ಟೂ ಬದಲಾಗಬಾರದು. "ಪ್ರಯತ್ನಿಸುತ್ತೇವೆ" ಎಂದಿದ್ದು "ಮಾಡೇ ಮಾಡ್ತೀವಿ" ಆಗಿಬಿಟ್ಟರೆ, ಅದು ಭಾಷಣಕಾರರು ಕೊಡದ ಮಾತು.