ಹುಲ್ಲಿನ ಗಾದೆಗೆ ಗಾಳಿಯ ಗಾದೆ

ಇಂಗ್ಲಿಷಿನಲ್ಲಿ 'ಮೇಕ್ ಹೇ ವೈಲ್ ದ ಸನ್ ಶೈನ್ಸ್' ಎಂಬ ಗಾದೆಯಿದೆ. ಜಾನ್ ಹೇವುಡ್ 1546ರಲ್ಲಿ ಅಚ್ಚು ಹಾಕಿಸಿದ ಗಾದೆಗಳ ಪುಸ್ತಕದಲ್ಲೇ ಅದು ಸೇರಿತ್ತು. ಪದಕ್ಕೆ ಪದ ಇಟ್ಟರೆ ಕನ್ನಡದಲ್ಲಿ 'ಬಿಸಿಲಿರುವಾಗಲೇ ಹುಲ್ಲು ಒಣಗಿಸಿಕೋ' ಎಂದಾಗುತ್ತದೆ. ವ್ಯಾಕರಣದಲ್ಲಿ ತಪ್ಪಿಲ್ಲ, ಅರ್ಥವೂ ತಿಳಿಯುತ್ತದೆ. ಆದರೆ ರಾಗಿ ಬೆಳೆಯುವ ಬಯಲುಸೀಮೆಯ ರೈತನಿಗೆ ಈ ಮಾತು ಹೇಳಿದರೆ ಬಿಸಿಲಿಗೇನು ಬರ ಬಂದಿದೆ ಎಂದು ಅವನು ಕೇಳಿಯಾನು.

ಇಂಗ್ಲೆಂಡಿನ ರೈತನ ಪಾಡು ಬೇರೆ. ಬೇಸಿಗೆಯಲ್ಲಿ ಹಸಿ ಹುಲ್ಲು ಕೊಯ್ದು, ಹರಡಿ, ಹೊರಳಿಸಿ, ಒಣಗಿಸಿ ಚಳಿಗಾಲದ ಮೇವಿಗೆ ಇಟ್ಟುಕೊಳ್ಳಬೇಕು. ಅಲ್ಲಿ ಬೇಸಿಗೆಯಲ್ಲೂ ಯಾವಾಗ ಬೇಕಾದರೂ ಮಳೆ ಬರುತ್ತದೆ. ಹಸಿಯಾಗಿಯೇ ಮೆದೆ ಹಾಕಿದರೆ ಹುಲ್ಲು ಒಳಗೊಳಗೇ ಬಿಸಿಯಾಗಿ ಬೂಷ್ಟು ಹಿಡಿಯುತ್ತದೆ. ಕೆಲವೊಮ್ಮೆ ಯಾರೂ ಕಿಡಿ ಇಡದೆಯೇ ಹೊತ್ತಿಕೊಳ್ಳುವುದೂ ಉಂಟು. ಹಾಗಾಗಿ ಅವನಿಗೆ ಎರಡು ಮೂರು ದಿನದ ಒಳ್ಳೆಯ ಬಿಸಿಲು ಸಿಕ್ಕರೆ ಅದೇ ಭಾಗ್ಯ.

ನಮ್ಮ ಸುಗ್ಗಿಯ ಕಣದಲ್ಲಿ ಬಿಸಿಲು ಧಾರಾಳ. ಅಲ್ಲಿ ಕಾಯಬೇಕಾದದ್ದು ಗಾಳಿಗೆ. ತೆನೆ ಬಡಿದು, ಗುಂಡು ಉರುಳಿಸಿ, ಕಾಳು ಹೊಟ್ಟು ಎರಡೂ ಕಲೆತ ರಾಶಿಯನ್ನು ಮೊರದಲ್ಲಿ ಎತ್ತಿ ಮೇಲಿಂದ ಸುರಿಯಬೇಕು. ಆಗ ಗಾಳಿ ಬೀಸುತ್ತಿದ್ದರೆ ಹೊಟ್ಟು ಅತ್ತ ಹಾರಿ ಕಾಳು ನೇರ ಕೆಳಗೆ ಬೀಳುತ್ತದೆ. ಗಾಳಿ ನಿಂತರೆ ಎರಡೂ ಮತ್ತೆ ಒಂದೇ ಕಡೆ ಬಿದ್ದು ಮಾಡಿದ ಕೆಲಸ ವ್ಯರ್ಥವಾಗುತ್ತದೆ. ಅದಕ್ಕೇ 'ಗಾಳಿ ಬಂದಾಗ ತೂರಿಕೋ'. ಎರಡು ಗಾದೆಗಳಲ್ಲಿ ಒಂದೇ ಒಂದು ವಸ್ತುವೂ ಸಮಾನವಾಗಿಲ್ಲ. ಆದರೂ ತನ್ನ ಕೈಯಲ್ಲಿಲ್ಲದ ಒಂದು ಅನುಕೂಲ ಬಂದಾಗ ಅದನ್ನು ಬಿಡಬಾರದು ಎಂಬ ಅವಸರ ಎರಡರಲ್ಲೂ ಒಂದೇ. ಅನುವಾದಕ ಹಿಡಿಯಬೇಕಾದದ್ದು ಆ ಅವಸರವನ್ನು.

ಆದರೆ ಜೋಡಿ ಸಿಕ್ಕಿತು ಎಂದು ಇಲ್ಲಿಗೇ ನಿಲ್ಲುವಂತಿಲ್ಲ. 'ತೂರು' ಎಂಬ ಮಾತಿಗೆ ಕಾಳು ಕೇರುವುದು ಎಂಬುದಲ್ಲದೆ ಸಂದಿಯಲ್ಲಿ ನುಸುಳುವುದು ಎಂಬ ಅರ್ಥವೂ ಇದೆ. ಕಣವನ್ನೇ ಕಾಣದೆ ಬೆಳೆದವರ ಕಿವಿಗೆ ಈ ಗಾದೆ 'ಸಮಯ ನೋಡಿ ಒಳಗೆ ನುಗ್ಗು' ಎಂದು ಕೇಳಿಸುತ್ತದೆ. ಪಕ್ಷ ಬದಲಿಸಿದ ರಾಜಕಾರಣಿಯನ್ನು ಕುರಿತು 'ಗಾಳಿ ಬಂದಾಗ ತೂರಿಕೊಳ್ಳುವವರು' ಎಂದು ಪತ್ರಿಕೆಗಳು ಬರೆಯುವಾಗ ಅದು ಹೊಗಳಿಕೆಯಲ್ಲ. ಆದ್ದರಿಂದ ಮೂಲದಲ್ಲಿ ಅಜ್ಜ ಮೊಮ್ಮಗಳಿಗೆ ಪ್ರೀತಿಯಿಂದ, ಓದುವ ವಯಸ್ಸಿನಲ್ಲಿ ಓದಿಕೋ ಎಂಬ ಅರ್ಥದಲ್ಲಿ ಇಂಗ್ಲಿಷ್ ಗಾದೆ ಹೇಳಿದ್ದರೆ, ಈ ಕನ್ನಡ ಗಾದೆ ಅಜ್ಜನ ಬಾಯಲ್ಲಿ ಸ್ವಲ್ಪ ಒರಟಾಗಿ ಕೇಳೀತು. ಅಂಥ ಕಡೆ ಗಾದೆಯನ್ನೇ ಬಿಟ್ಟು 'ಈ ವಯಸ್ಸು ಮತ್ತೆ ಬರೋದಿಲ್ಲ ಮಗಾ' ಎಂದು ಸರಳವಾಗಿ ಬರೆಯುವುದು ಲೇಸು.

ಗಾದೆ ಆರಿಸುವಾಗ ಅದರೊಳಗಿನ ಪ್ರಾಣಿ, ಪಾತ್ರೆ, ಮರಗಳನ್ನು ಹೋಲಿಸುತ್ತ ಕೂತರೆ ದಾರಿ ತಪ್ಪುತ್ತದೆ. ಯಾರು ಯಾರಿಗೆ ಹೇಳುತ್ತಿದ್ದಾರೆ, ಕೆಲಸ ಆಗುವ ಮುಂಚೆಯೋ ಆದ ಮೇಲೋ, ಎಚ್ಚರಿಸಲೋ ಹಂಗಿಸಲೋ ಎಂಬುದನ್ನು ಮೊದಲು ಕೇಳಿಕೊಳ್ಳಬೇಕು. ಮೊಟ್ಟೆ ಒಡೆಯುವ ಮುಂಚೆ ಕೋಳಿಮರಿ ಎಣಿಸಬೇಡ ಎಂಬ ಇನ್ನೊಂದು ಇಂಗ್ಲಿಷ್ ಗಾದೆಯಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಫ್ರೆಂಚರು ಇದೇ ಮಾತನ್ನು ಕರಡಿಯನ್ನು ಕೊಲ್ಲುವ ಮುಂಚೆ ಅದರ ತೊಗಲು ಮಾರಬೇಡ ಎನ್ನುತ್ತಾರೆ. ಕನ್ನಡದಲ್ಲಿ ಇದಕ್ಕೆ ಎದ್ದು ನಿಲ್ಲುವುದು 'ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು' ಎಂಬ ಗಾದೆ.

ಈ ಮೂರರಲ್ಲಿ ಕನ್ನಡದ್ದೇ ಹೆಚ್ಚು ಚುಚ್ಚುತ್ತದೆ ಎನ್ನಬೇಕು. ಹೆರಿಗೆಗೆ ಮುಂಚೆ ಮಗುವಿನ ಬಟ್ಟೆ, ತೊಟ್ಟಿಲು ತರಬಾರದು ಎಂಬ ನಂಬಿಕೆ ಇಂದಿಗೂ ಎಷ್ಟೋ ಮನೆಗಳಲ್ಲಿದೆ. ಕುಲಾವಿ ಹೊಲಿಸಿದವರು ಬರೀ ಅವಸರ ಮಾಡಿದವರಲ್ಲ, ಆಗಬಾರದ್ದನ್ನು ಮಾಡಿದವರು. ಜೊತೆಗೆ ಇಂಗ್ಲಿಷಿನದು 'ಬೇಡ' ಎನ್ನುವ ಬುದ್ಧಿಮಾತು, ಕನ್ನಡದ್ದು 'ಹೊಲಿಸಿದರು' ಎಂದು ಆಗಿಹೋದದ್ದನ್ನು ಎತ್ತಿ ಆಡುವ ಮಾತು. ನಮ್ಮ ಗಾದೆಗಳಲ್ಲಿ 'ಅಂತೆ', 'ಹಾಗೆ', 'ಎಂದಳು', 'ಮಾಡಿದರು' ಎಂದು ಮುಗಿಯುವವು ಬಹಳ. ಅವು ಒಂದು ಪುಟ್ಟ ಕತೆ ಹೇಳಿ, ಅದರಲ್ಲಿ ಎದುರಿಗಿರುವವನು ತನ್ನನ್ನೇ ಕಾಣುವಂತೆ ಮಾಡುತ್ತವೆ.

ಒಂದು ವಾಕ್ಯ ಇಟ್ಟುಕೊಂಡು ನೋಡಬಹುದು. ದೊಡ್ಡ ಗುತ್ತಿಗೆ ಸಿಗುವ ಮಾತುಕತೆ ನಡೆದಿರುವಾಗಲೇ ವ್ಯಾಪಾರಿಯೊಬ್ಬ ಹೊಸ ಗೋದಾಮು ಬಾಡಿಗೆಗೆ ಹಿಡಿದ, ಗುತ್ತಿಗೆ ಕೈತಪ್ಪಿತು, ಪಾಲುದಾರ ಅವನಿಗೆ ಕೋಳಿಮರಿಯ ಗಾದೆ ನೆನಪಿಸಿದ ಎಂದಿರಲಿ. ಇಲ್ಲಿ ಕೆಲಸ ಕೆಟ್ಟಾಗಿದೆ, ಮಾತಿನಲ್ಲಿ ಮೂದಲಿಕೆಯಿದೆ. 'ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗಾಯ್ತು ನಿನ್ನ ಗೋದಾಮು' ಎಂದರೆ ಕನ್ನಡದ ಪಾಲುದಾರನೇ ಆಡಿದಂತಿರುತ್ತದೆ. ಅದೇ ಪಾಲುದಾರ ಗೋದಾಮು ಹಿಡಿಯುವ ಮುಂಚೆ ಎಚ್ಚರಿಸಿದ್ದಾದರೆ ಕ್ರಿಯಾಪದವನ್ನು ತಿರುಗಿಸಿ 'ಈಗಲೇ ಕುಲಾವಿ ಹೊಲಿಸೋಕೆ ಹೋಗಬೇಡ, ಕೂಸು ಹುಟ್ಟಲಿ' ಎಂದರಾಯಿತು. ಗಾದೆಯ ಇಡೀ ಸಾಲನ್ನು ಹೇಳಬೇಕಾಗಿಲ್ಲ. ಕುಲಾವಿ ಎಂಬ ಒಂದೇ ಪದ ಬಂದರೆ ಉಳಿದದ್ದನ್ನು ಓದುಗನೇ ತುಂಬಿಕೊಳ್ಳುತ್ತಾನೆ. ಆದರೆ ವ್ಯಾಪಾರಿಯ ಮನೆಯಲ್ಲಿ ಗರ್ಭ ಇಳಿದ ನೋವಿನ ಸಂಗತಿ ಕತೆಯಲ್ಲಿ ಎಲ್ಲಾದರೂ ಬಂದಿದ್ದರೆ ಈ ಗಾದೆಯನ್ನು ಮುಟ್ಟಲೇಬಾರದು. ಕೋಳಿಮರಿಗಿಲ್ಲದ ಈ ಅಪಾಯ ಕೂಸಿಗಿದೆ.

ಅಪರೂಪಕ್ಕೆ ಮಾತೂ ಭಾವವೂ ಎರಡೂ ಕೂಡಿಬರುವುದುಂಟು. ದಾನವಾಗಿ ಬಂದ ಕುದುರೆಯ ಬಾಯಿ ನೋಡಬೇಡ ಎಂಬ ಗಾದೆ ಯುರೋಪಿನಲ್ಲಿ ಬಹಳ ಹಳೆಯದು. ಕ್ರಿಸ್ತಶಕ ನಾಲ್ಕನೇ ಶತಮಾನದ ಕೊನೆಯ ಹೊತ್ತಿಗೆ ಸಂತ ಜೆರೋಮ್ ಅದನ್ನು ಜನರ ಬಾಯಲ್ಲಿರುವ ಮಾತೆಂದೇ ಲ್ಯಾಟಿನ್‌ನಲ್ಲಿ ಬರೆದಿದ್ದ. ಕನ್ನಡದಲ್ಲಿ 'ದಾನ ಕೊಟ್ಟ ಹಸುವಿನ ಹಲ್ಲು ಎಣಿಸಿದ ಹಾಗೆ' ಎನ್ನುತ್ತಾರೆ. ಅಲ್ಲಿ ನೋಡುವುದು, ಇಲ್ಲಿ ಎಣಿಸುವುದು. ಈ ಸಣ್ಣ ವ್ಯತ್ಯಾಸಕ್ಕೂ ಕಾರಣವಿದೆ. ದನಕ್ಕೆ ಮೇಲ್ದವಡೆಯಲ್ಲಿ ಮುಂದಿನ ಹಲ್ಲೇ ಇರುವುದಿಲ್ಲ, ಕೆಳದವಡೆಯಲ್ಲಿ ಎಂಟು. ಸುಮಾರು ಎರಡು ವರ್ಷಕ್ಕೆ ಹಾಲುಹಲ್ಲಿನ ಮೊದಲ ಜೋಡಿ ಬಿದ್ದು ದೊಡ್ಡ ಹಲ್ಲು ಬರುತ್ತದೆ, ಆಮೇಲೆ ಜೋಡಿ ಜೋಡಿಯಾಗಿ ಬಂದು ನಾಲ್ಕೈದು ವರ್ಷದ ಹೊತ್ತಿಗೆ ಎಂಟೂ ಮುಗಿಯುತ್ತವೆ. ಘಾಟಿ ಸುಬ್ರಹ್ಮಣ್ಯದಂಥ ದನದ ಜಾತ್ರೆಗಳಲ್ಲಿ ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು ಎಂದೇ ಎತ್ತಿನ ಪ್ರಾಯ ಹೇಳಿ ಬೆಲೆ ಕಟ್ಟುವುದು. ಕುದುರೆಯಲ್ಲಾದರೆ ಹಲ್ಲಿನ ಸವೆತ, ಗುರುತು, ಉದ್ದ ಎಲ್ಲ ನೋಡಬೇಕು. ಎರಡು ನಾಡಿನಲ್ಲೂ ಕೊಳ್ಳುವವರು ಪ್ರಾಣಿಯ ಬಾಯಿ ತೆರೆಸುತ್ತಿದ್ದರಿಂದಲೇ ಗಾದೆಗಳು ಇಷ್ಟು ಹತ್ತಿರ ಬಂದಿವೆ.

ಹೆಚ್ಚು ಕಾಡುವವು ಇಂಥ ಜೋಡಿಗಳಲ್ಲ, ಜೋಡಿಯಂತೆ ಕಂಡು ಕೈಕೊಡುವವು. ಪೊದೆಯಲ್ಲಿರುವ ಎರಡು ಹಕ್ಕಿಗಿಂತ ಕೈಯಲ್ಲಿರುವ ಒಂದು ಹಕ್ಕಿ ಮೇಲು ಎಂಬ ಗಾದೆ ಕಂಡಾಗ 'ಕೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದರು' ಎಂಬುದು ತಟ್ಟನೆ ನೆನಪಾಗುತ್ತದೆ, ಏಕೆಂದರೆ ಎರಡರಲ್ಲೂ 'ಕೈಯಲ್ಲಿರುವುದು' ಇದೆ. ಆದರೆ ಹಕ್ಕಿ ಹಿಡಿದವನಿಗೆ ತನ್ನ ಕೈಯಲ್ಲಿ ಏನಿದೆ ಎಂದು ಗೊತ್ತು, ಅವನಿಗೆ ಬೇಕಾದದ್ದು ಹೆಚ್ಚಿನ ಆಸೆಗೆ ಕಡಿವಾಣ. ಬೆಣ್ಣೆ ಹಿಡಿದವನಿಗೆ ಅದನ್ನು ಕಾಯಿಸಿದರೆ ತುಪ್ಪವಾಗುತ್ತದೆ ಎಂಬುದೇ ಹೊಳೆದಿಲ್ಲ. ಒಬ್ಬನದು ಆಸೆ, ಇನ್ನೊಬ್ಬನದು ಮರೆವು. ಇರುವ ಕೆಲಸ ಬಿಟ್ಟು ಇನ್ನೂ ಖಚಿತವಾಗದ ಕೆಲಸಕ್ಕೆ ಹೊರಟವನಿಗೆ ಬೆಣ್ಣೆಯ ಗಾದೆ ಹೇಳಿದರೆ ಮಾತು ಗುರಿ ತಪ್ಪುತ್ತದೆ.

'ದೂರದ ಬೆಟ್ಟ ನುಣ್ಣಗೆ' ಎಂಬುದನ್ನು ಬೇಲಿಯಾಚೆಯ ಹುಲ್ಲು ಹೆಚ್ಚು ಹಸಿರು ಎಂಬ ಗಾದೆಗೆ ಎಷ್ಟೋ ಕಡೆ ಹಾಗೆಯೇ ಜೋಡಿಸುತ್ತಾರೆ. ವಿದೇಶದ ಬದುಕನ್ನು ಕಂಡು ಮರುಳಾದವನಿಗೆ ಅದು ಹೊಂದುತ್ತದೆ. ಆದರೆ ಹುಲ್ಲಿನ ಗಾದೆಯಲ್ಲಿರುವುದು ನೆರೆಯವನ ಮೇಲಿನ ಕರುಬು, ಬೇಲಿ ಇರುವುದು ಮಾರು ದೂರದಲ್ಲಿ. ಬೆಟ್ಟದ ಗಾದೆಯಲ್ಲಿ ಕರುಬಿಲ್ಲ, ದೂರದಿಂದ ಕಲ್ಲುಮುಳ್ಳು ಕಾಣದ ಕಣ್ಣಿನ ಮೋಸ ಅಷ್ಟೇ. ಪಕ್ಕದ ಮನೆಯವರ ಕಾರು ಕಂಡು ಸಂಕಟಪಡುವ ಪಾತ್ರಕ್ಕೆ ಬೆಟ್ಟ ತುಂಬಾ ದೂರವಾಯಿತು.

ಇನ್ನು ಕೆಲವು ಗಾದೆಗಳು ಒಂದೇ ನಾಣ್ಯದ ಆಚೆ ಈಚೆ ಮುಖ. ಬರಿದಾದ ಪಾತ್ರೆ ಹೆಚ್ಚು ಸದ್ದು ಮಾಡುತ್ತದೆ ಎನ್ನುವ ಇಂಗ್ಲಿಷ್ ಗಾದೆ ಬಡಾಯಿಗಾರನನ್ನು ಬೈಯುತ್ತದೆ. 'ತುಂಬಿದ ಕೊಡ ತುಳುಕುವುದಿಲ್ಲ' ಎಂಬ ನಮ್ಮದು ತಿಳಿದವನನ್ನು ಹೊಗಳುತ್ತದೆ. ಬಡಾಯಿಗಾರನ ಪಕ್ಕದಲ್ಲಿ ಸುಮ್ಮನೆ ಕೂತ ಜಾಣನೂ ಮೂಲದಲ್ಲಿದ್ದರೆ ತುಂಬಿದ ಕೊಡ ಚೆನ್ನಾಗಿ ಕೂರುತ್ತದೆ. ಬಡಾಯಿಗಾರ ಒಬ್ಬನೇ ಇದ್ದರೆ ಕೂರುವುದಿಲ್ಲ.

ಅರ್ಥ ಪೂರ್ತಿ ಹೊಂದಿಯೂ ಇದ್ದ ಹಾಗೇ ಬಳಸಲಾಗದ ಗಾದೆಗಳಿವೆ. ಕೆಲಸ ಬಾರದವನು ಹತ್ಯಾರವನ್ನು ದೂರುತ್ತಾನೆ ಎಂಬುದಕ್ಕೆ 'ಕುಣಿಯಲಾರದವಳು ನೆಲ ಡೊಂಕು ಎಂದಳು' ಅಳೆದು ಹೊಲಿದಂತಿದೆ. ಆದರೆ ಇದರ ಹಳೆಯ ರೂಪದಲ್ಲಿ ಹೆಣ್ಣನ್ನು ಹೀಗಳೆಯುವ ಪದವೊಂದಿತ್ತು. ಅದು ಬಿದ್ದುಹೋದದ್ದು ಒಳ್ಳೆಯದೇ ಆಯಿತು. ಮೂಲದಲ್ಲಿ ತಪ್ಪು ಮಾಡಿದವನು ಗಂಡಸಾದರೆ 'ಕುಣಿಯಲಾರದವನು' ಎಂದು ಬರೆಯಲು ಹಿಂಜರಿಯಬೇಕಿಲ್ಲ, ಗಾದೆಯ ಬಿಗಿ ಅದರಿಂದ ಕೆಡುವುದಿಲ್ಲ. ಜಾತಿಯ ಹೆಸರು ಹಿಡಿದು ಹಂಗಿಸುವ ಗಾದೆಗಳನ್ನು ಮಾತ್ರ ಎಷ್ಟೇ ಚೆನ್ನಾಗಿ ಹೊಂದಿದರೂ ಕೈಬಿಡಬೇಕು. ಮೂಲದವನು ಬೈಯದ ಒಂದು ಸಮುದಾಯವನ್ನು ಅನುವಾದಕ ತಾನಾಗಿ ಬೈದಂತಾಗುತ್ತದೆ.

ಸಿನಿಮಾದ ಸಂಭಾಷಣೆ, ಸುದ್ದಿ, ಭಾಷಣ ಇಂಥ ಕಡೆ ಕನ್ನಡದ ಗಾದೆ ತಂದಿಡುವುದೇ ಸರಿ, ಕೇಳುವವನಿಗೆ ನಿಂತು ಯೋಚಿಸಲು ಹೊತ್ತಿಲ್ಲ. ಕಾದಂಬರಿಯ ಮಾತು ಬೇರೆ. ಚಿನುವ ಅಚಿಬೆ 1958ರಲ್ಲಿ ಪ್ರಕಟಿಸಿದ 'ಥಿಂಗ್ಸ್ ಫಾಲ್ ಅಪಾರ್ಟ್'ನಲ್ಲಿ ನೈಜೀರಿಯಾದ ಇಗ್ಬೊ ಹಿರಿಯರು ಹೆಜ್ಜೆಗೊಂದು ಗಾದೆ ಆಡುತ್ತಾರೆ. ಅದು ಅವರು ಮಾತಾಡುವ ರೀತಿ, ಅವರ ಊರಿನ ಘನತೆ. ಗೆಣಸಿನ ಜಾತಿಯ ಯಾಮ್ ಅಲ್ಲಿ ಬೆಳೆಗಳ ರಾಜ, ಬಂದವರಿಗೆ ಕೊಡುವುದು ಕೋಲಾ ಕಾಯಿ, ಅಡುಗೆಗೆ ತಾಳೆ ಎಣ್ಣೆ. ಆ ಹಿರಿಯನ ಬಾಯಿಂದ ರಾಗಿ ಮುದ್ದೆಯ ಗಾದೆ, ಕುಲಾವಿಯ ಗಾದೆ ಹೊರಟರೆ ಓದುಗ ನೈಜೀರಿಯಾದಲ್ಲಿ ಇರುವುದಿಲ್ಲ. ಅಂಥಲ್ಲಿ ಅವರ ಚಿತ್ರವನ್ನೇ ಉಳಿಸಿಕೊಂಡು, ವಾಕ್ಯಕ್ಕೆ ಕನ್ನಡ ಗಾದೆಯ ನಡೆ ಕೊಡಬೇಕು. ಮಾತು ಚಿಕ್ಕದಾಗಿರಬೇಕು, ಎರಡು ತುಂಡಾಗಿ ಸೀಳಬೇಕು, ಸಾಧ್ಯವಾದರೆ ಒಂದು ಪ್ರಾಸ ಬೀಳಬೇಕು. 'ಹಾಸಿಗೆ ಇದ್ದಷ್ಟು / ಕಾಲು ಚಾಚು' ಎಂಬಂತೆ ನಡುವೆ ಉಸಿರು ನಿಲ್ಲುವ ಜಾಗವಿದ್ದರೆ, ಯಾಮ್ ಕಂಡಿಲ್ಲದ ಕನ್ನಡಿಗನಿಗೂ ಅದು ಗಾದೆ ಎಂದು ಕಿವಿಯಲ್ಲೇ ಗೊತ್ತಾಗುತ್ತದೆ.